ಒಂದೇ ಪಾತ್ರೆಯ ಸಾರು, ಅರ್ಧ ಮಾತ್ರ ಜಿಡಿಪಿಗೆ

ಸಂಪಾದಕರಿಗೆ ನಮಸ್ಕಾರ. ನಾನು ವಿರಾಜಪೇಟೆಯಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ನಮಗೆ ಮೂರು ಎಕರೆ ರೋಬಸ್ಟಾ ತೋಟ ಇದೆ. ಅಪ್ಪ ಮಾರುವ ಕಾಫಿ ಜಿಡಿಪಿಗೆ ಸೇರುತ್ತದೆ, ಅಮ್ಮ ಬೆಳಗಿನಿಂದ ರಾತ್ರಿವರೆಗೆ ಮಾಡುವ ಕೆಲಸ ಸೇರುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳಿದರು. ಪಕ್ಕದ ಮನೆ ಆಂಟಿ ಹೋಮ್‌ಸ್ಟೇಗೆ ಅಡುಗೆ ಮಾಡಿದರೆ ಮಾತ್ರ ಸೇರುತ್ತದಂತೆ. ಇದು ಯಾವ ನ್ಯಾಯ? ಇನ್ನೊಂದು ಅನುಮಾನ. ಕಾಫಿ ಮಾರಿದ ಪೂರ್ತಿ ಹಣ ಲೆಕ್ಕಕ್ಕೆ ಬರುತ್ತದಾ, ಕೂಲಿ ಗೊಬ್ಬರ ಕಳೆದು ಉಳಿದ ಲಾಭ ಮಾತ್ರವಾ? 2018ರಲ್ಲಿ ಗುಡ್ಡ ಕುಸಿದು ನಮ್ಮ ನೆಂಟರ ತೋಟ ಪೂರ್ತಿ ಹೋಯಿತು. ಅದನ್ನು ಜಿಡಿಪಿಯಲ್ಲಿ ಕಳೆದಿರುತ್ತಾರಾ?
— ಒಬ್ಬ ಓದುಗಿ, ವಿರಾಜಪೇಟೆ

ಸಂಪಾದಕರ ಉತ್ತರ:

ಜಿಡಿಪಿ, ಅಂದರೆ ಒಟ್ಟು ದೇಶೀಯ ಉತ್ಪನ್ನ, ಒಂದು ವರ್ಷದಲ್ಲಿ ದೇಶದೊಳಗೆ ಹೊಸದಾಗಿ ತಯಾರಾದದ್ದರ ಬೆಲೆ. ಮೊದಲು ಲಾಭದ ಪ್ರಶ್ನೆ ಹಿಡಿಯೋಣ. ಕಾಮರ್ಸ್ ಓದುವವರು ಎಡವುವುದು ಅಲ್ಲೇ. ಅದು ಬಿಡಿಸಿಕೊಂಡರೆ ಅಡುಗೆಮನೆಯ ವಿಷಯ ಸುಲಭ ಆಗುತ್ತದೆ.

ನಿಮ್ಮ ಕಣದಲ್ಲಿ ಒಣಗಿದ ಒಂದು ಮೂಟೆ ಚೆರ್ರಿ ತೆಗೆದುಕೊಳ್ಳಿ. ನಮ್ಮ ಕಡೆ ಮೂಟೆ ಎಂದರೆ 50 ಕೆಜಿ, ಅದು ನಿಮಗೆ ಗೊತ್ತು. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಓಟಿ ನೋಡುತ್ತಾನೆ. ಅಂದರೆ 50 ಕೆಜಿಯಲ್ಲಿ ಬೀಜ ಎಷ್ಟು ಬರುತ್ತದೆ ಅಂತ. 26 ಕೆಜಿ ಬಂತು ಅನ್ನಿ. ಮೂಟೆಗೆ 10,000 ರೂಪಾಯಿ ಸಿಕ್ಕಿತು. ಈ ರೇಟು, ಮುಂದೆ ಬರುವ ರೇಟುಗಳು ಎಲ್ಲವೂ ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡದ್ದು, ಇವತ್ತಿನ ಮಾರ್ಕೆಟ್ ರೇಟ್ ಅಲ್ಲ. ತೆರಿಗೆಯನ್ನೂ ಸದ್ಯಕ್ಕೆ ಬಿಟ್ಟಿದ್ದೇನೆ.

ಆ ಮೂಟೆ ಬೆಳೆಯಲು ಅಪ್ಪ ಹೊರಗಿನಿಂದ ಏನೇನು ತಂದರು? ಗೊಬ್ಬರ, ಸುಣ್ಣ, ಔಷಧಿ, ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್. ಎಲ್ಲ ಸೇರಿ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಫಿ ಕೊಯ್ದವರಿಗೆ, ಗಿಡ ಕಸಿ ಮಾಡಿದವರಿಗೆ, ಕಣ ಕಾದವರಿಗೆ ಕೊಟ್ಟ ಕೂಲಿ 4,000. ನಿಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ಕೂಲಿ ಡೆಬಿಟ್ ಬದಿಗೆ ಹೋಗುತ್ತದೆ. ಕೊನೆಗೆ 4,000 ಲಾಭ ಎಂದು ಬರೆಯುತ್ತೀರಿ. ಅಪ್ಪನ ಮಟ್ಟಿಗೆ ಅದು ಸರಿ.

ಜಿಡಿಪಿ ಲೆಕ್ಕ ಹಾಕುವವರು ಕೂಲಿ ಕಳೆಯುವುದಿಲ್ಲ. 10,000ದಿಂದ 2,000 ಮಾತ್ರ ಕಳೆದು 8,000 ಎಂದು ಬರೆಯುತ್ತಾರೆ. ಇದಕ್ಕೆ ಮೌಲ್ಯವರ್ಧನೆ ಎನ್ನುತ್ತಾರೆ. ಬೇರೆಯವರು ಮಾಡಿದ ವಸ್ತುವನ್ನು ಕೊಂಡು ಬಳಸಿದ್ದರೆ ಅದನ್ನು ಕಳೆಯಬೇಕು, ಏಕೆಂದರೆ ಅದು ಅವರ ಲೆಕ್ಕದಲ್ಲಿ ಆಗಲೇ ಇದೆ. ಕೂಲಿ ಹಾಗಲ್ಲ. ಅದು ಇದೇ ತೋಟದಲ್ಲಿ ಇದೇ ಕಾಫಿಯಿಂದ ಹುಟ್ಟಿದ ಆದಾಯ. ಕೊಯ್ದವರ ಕೈಗೆ 4,000 ಹೋಯಿತು, ಅಪ್ಪನ ಕೈಗೆ 4,000 ಬಂತು. ಎರಡೂ ಸೇರಿ ಆ ತೋಟದಲ್ಲಿ ಹೊಸದಾಗಿ ಹುಟ್ಟಿದ್ದು 8,000. ಬ್ಯಾಂಕಿಗೆ ಕಟ್ಟುವ ಬೆಳೆ ಸಾಲದ ಬಡ್ಡಿಯನ್ನೂ ಬಹುಮಟ್ಟಿಗೆ ಅಪ್ಪ ಈ 8,000ದೊಳಗಿಂದಲೇ ಕೊಡಬೇಕು. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಪೂರ್ತಿ ಹಣವೂ ಅಲ್ಲ, ಬರೀ ಲಾಭವೂ ಅಲ್ಲ. ಎರಡರ ನಡುವಿನ ಒಂದು ಅಂಕಿ.

ಈ ಮೂಟೆಯನ್ನು ಅಲ್ಲಿಗೇ ಬಿಡುವುದು ಬೇಡ. ವ್ಯಾಪಾರಿ ಅದನ್ನು ಕ್ಯೂರಿಂಗ್ ವರ್ಕ್ಸ್‌ಗೆ ಒಯ್ದು, ಸಿಪ್ಪೆ ತೆಗೆಸಿ, ಗ್ರೇಡ್ ಮಾಡಿಸಿದ. ಕರೆಂಟು, ಗೋಣಿಚೀಲ, ಲಾರಿ ಬಾಡಿಗೆ 300 ರೂಪಾಯಿ. 26 ಕೆಜಿ ಬೀಜವನ್ನು 11,300ಕ್ಕೆ ಮಾರಿದ. ಅಲ್ಲಿ ಹುಟ್ಟಿದ್ದು 1,000. ಪುಡಿ ಅಂಗಡಿಯವರು ಅದನ್ನು ಹುರಿದರು. ಹುರಿದಾಗ ತೂಕ ಇಳಿದು ಸುಮಾರು 21 ಕೆಜಿ ಪುಡಿ ಆಯಿತು. ಕೆಜಿಗೆ 700ರಂತೆ 14,700 ಬಂತು. ಬೀಜದ 11,300, ಗ್ಯಾಸ್ ಮತ್ತು ಪ್ಯಾಕೆಟಿನ 700 ಕಳೆದರೆ 2,700. ಕೊನೆಗೆ ಮಡಿಕೇರಿಯ ಒಂದು ಹೋಟೆಲ್. ಕಟ್ಟಡ ಅವರದೇ. ಲೋಟಕ್ಕೆ 10 ಗ್ರಾಂ ಪುಡಿ ಹಾಕಿದರೆ 2,100 ಲೋಟ ಕಾಫಿ. 25 ರೂಪಾಯಿಯಂತೆ 52,500. ಪುಡಿಗೆ 14,700, ಹಾಲು ಸಕ್ಕರೆ ಗ್ಯಾಸಿಗೆ 20,000. ಉಳಿದದ್ದು 17,800.

ಈಗ ಎರಡು ಬಗೆಯಲ್ಲಿ ಕೂಡಿ ನೋಡಿ. ನಾಲ್ಕೂ ಜನರ ಮಾರಾಟ ಸೇರಿಸಿದರೆ 88,500. ನಾಲ್ಕೂ ಜನರ ಮೌಲ್ಯವರ್ಧನೆ ಸೇರಿಸಿದರೆ 29,500. ಮೊದಲನೆಯದರಲ್ಲಿ ನಿಮ್ಮ ಅಪ್ಪನ ಮೂಟೆ ನಾಲ್ಕು ಸಲ ಎಣಿಕೆ ಆಗಿದೆ. ವ್ಯಾಪಾರಿಯ ಬೆಲೆಯಲ್ಲೂ ಅದೇ ಇದೆ, ಪುಡಿಯ ಬೆಲೆಯಲ್ಲೂ ಅದೇ ಇದೆ. ಎರಡನೆಯದರಲ್ಲಿ ಯಾವುದೂ ಎರಡು ಸಲ ಬಂದಿಲ್ಲ. ಇನ್ನು ಹಾಲಿನವರದ್ದು, ಸಕ್ಕರೆ ಕಾರ್ಖಾನೆಯದ್ದು, ಗೊಬ್ಬರದ ಕಂಪನಿಯದ್ದು ಹೀಗೇ ಹಿಂದೆ ಹಿಂದೆ ಹುಡುಕುತ್ತಾ ಹೋದರೆ ಮೊತ್ತ 52,500ರ ಹತ್ತಿರ ಬರುತ್ತದೆ. ಪೂರ್ತಿ ಬರುವುದಿಲ್ಲ. ನೀವು ತೋಟಕ್ಕೆ ಹಾಕುವ ಪೊಟ್ಯಾಷ್ ಹೊರದೇಶದಿಂದ ಬರುತ್ತದೆ, ಡೀಸೆಲಿನ ಕಚ್ಚಾತೈಲ ಬಹುಪಾಲು ಹೊರಗಿನದು. ಆ ಭಾಗ ಬೇರೆ ದೇಶಗಳ ಜಿಡಿಪಿಗೆ ಹೋಗುತ್ತದೆ.

ಹೆಸರಿನಲ್ಲಿರುವ ‘ದೇಶೀಯ’ ಎಂಬ ಪದದ ಕೆಲಸ ಇದೇ. ಎಲ್ಲಿ ತಯಾರಾಯಿತು ಎನ್ನುವುದನ್ನು ಅದು ಕೇಳುತ್ತದೆ. ಅಸ್ಸಾಮಿನಿಂದ ಬಂದವರು ನಿಮ್ಮ ತೋಟದಲ್ಲಿ ಕೊಯ್ದು ಕೂಲಿಯನ್ನು ಊರಿಗೆ ಕಳಿಸಿದರೂ ಆ ದುಡಿಮೆ ಕೊಡಗು ಜಿಲ್ಲೆಯ ಲೆಕ್ಕಕ್ಕೇ ಸೇರುತ್ತದೆ. ದುಬೈನಲ್ಲಿರುವ ಅಣ್ಣ ಕಳಿಸುವ ಹಣ ನಮ್ಮ ಜಿಡಿಪಿಯಲ್ಲಿ ಇಲ್ಲ. ಅಜ್ಜನಿಗೆ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿಯೂ ಇಲ್ಲ. ಅದು ಈ ವರ್ಷ ತಯಾರಾದ ಯಾವುದಕ್ಕೂ ಕೊಟ್ಟದ್ದಲ್ಲ. ಅಜ್ಜ ಆ ಪಿಂಚಣಿಯಲ್ಲಿ ಅಂಗಡಿಗೆ ಹೋಗಿ ಏನಾದರೂ ಕೊಂಡರೆ, ಆ ವಸ್ತು ಮಾಡಿದವರ ದುಡಿಮೆ ಮಾತ್ರ ಎಣಿಕೆಗೆ ಬರುತ್ತದೆ.

ಒಂದು ಸಣ್ಣ ತಿರುವು ಹೇಳಿ ಮುಂದೆ ಹೋಗುತ್ತೇನೆ, ಇದು ಪರೀಕ್ಷೆಯಲ್ಲೂ ಬರಬಹುದು. ಅಪ್ಪ ಈ ಸಲ ಕಾಫಿ ಮಾರಲಿಲ್ಲ ಅನ್ನಿ. ರೇಟು ಏರಲಿ ಎಂದು ಗೋದಾಮಿನಲ್ಲಿ ಇಟ್ಟರು. ನಮ್ಮೂರಲ್ಲಿ ಎಷ್ಟು ಜನ ಹೀಗೆ ಕಾಯುವುದಿಲ್ಲ! ಮಾರ್ಚ್ 31ಕ್ಕೆ ಮೂಟೆ ಮನೆಯಲ್ಲೇ ಇದೆ. ಆದರೂ ಅದು ಈ ವರ್ಷದ ಜಿಡಿಪಿಗೆ ಸೇರುತ್ತದೆ, ದಾಸ್ತಾನಿನಲ್ಲಿ ಆದ ಹೆಚ್ಚಳ ಎಂಬ ಸಾಲಿನಲ್ಲಿ. ಬೆಳೆದದ್ದು ಈ ವರ್ಷ ಅಲ್ವಾ? ಮುಂದಿನ ಸೆಪ್ಟೆಂಬರಿನಲ್ಲಿ 10,000ದ ಮೂಟೆ 12,000ಕ್ಕೆ ಹೋಯಿತು. ಆ 2,000 ಅಪ್ಪನ ಜೇಬಿಗೆ ನಿಜವಾಗಿಯೂ ಬಂತು, ಜಿಡಿಪಿಗೆ ಬರಲಿಲ್ಲ. ಏಕೆಂದರೆ ಮೂಟೆ ಸುಮ್ನೆ ಕೂತಿತ್ತು, ಬೆಲೆ ತಾನಾಗಿ ಏರಿತು. ಸೈಟು ಮಾರಿದಾಗಿನ ಲಾಭವೂ ಹೀಗೇ. ಬ್ರೋಕರ್ ತೆಗೆದುಕೊಂಡ ಕಮಿಷನ್ ಮಾತ್ರ ಸೇರುತ್ತದೆ, ಅವನು ಈ ವರ್ಷ ಓಡಾಡಿದ್ದಾನೆ.

ಇಲ್ಲಿಯವರೆಗೆ ಒಪ್ಪಿಗೆ ಅಂದುಕೊಳ್ಳುತ್ತೇನೆ. ಈಗ ಅಡುಗೆಮನೆ.

ನಿಮ್ಮ ಪಕ್ಕದ ಮನೆಯ ಆಂಟಿಯನ್ನೇ ನೋಡೋಣ. ಶನಿವಾರ ಬೆಂಗಳೂರಿನಿಂದ ನಾಲ್ಕು ಜನ ಬಂದಿದ್ದಾರೆ. ಆಂಟಿ ಬೆಳಿಗ್ಗೆ ಎದ್ದು ಕಡಂಬುಟ್ಟು ಬೇಯಿಸಿ, ಪಂದಿ ಕರಿ ಮಾಡುತ್ತಾರೆ. ಬಂದವರಿಗೂ ಮನೆಯ ನಾಲ್ಕು ಜನರಿಗೂ ಒಂದೇ ಪಾತ್ರೆ. ಅಕ್ಕಿ ಅವರದೇ ಗದ್ದೆಯದು, ಸೌದೆ ಅವರದೇ ತೋಟದ್ದು. ಮಾಂಸ, ಎಣ್ಣೆ ಅಂಗಡಿಯದು.

ಅಕ್ಕಿಯಿಂದ ಶುರು ಮಾಡಿ. ಮಾರದೆ ಮನೆಯಲ್ಲೇ ತಿಂದ ಅಕ್ಕಿ ಜಿಡಿಪಿಗೆ ಸೇರುತ್ತದಾ? ಸೇರುತ್ತದೆ. ಗದ್ದೆಯಲ್ಲಿ ಬೆಳೆದ ಭತ್ತಕ್ಕೆ ಊರಿನ ರೇಟು ಹಾಕಿ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಮಾರಿದ್ದೂ ಉಂಡದ್ದೂ. ನಿಯಮದ ಪ್ರಕಾರ ಮನೆ ಬಳಕೆಗೆ ತೋಟದಿಂದ ತಂದ ಸೌದೆಯೂ ಸೇರುತ್ತದೆ. 1949ರಲ್ಲಿ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿ ಮಾಡಿತು. ಪಿ.ಸಿ. ಮಹಾಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. ಅವರ ಮುಂದೆ ಇದ್ದ ತೊಡಕುಗಳಲ್ಲಿ ಇದೂ ಒಂದು. ಬೆಳೆದದ್ದರಲ್ಲಿ ದೊಡ್ಡ ಪಾಲು ಸಂತೆಗೇ ಬರದ ದೇಶದಲ್ಲಿ ಮಾರಾಟ ಮಾತ್ರ ಎಣಿಸಿದರೆ ಅರ್ಧ ಹಳ್ಳಿ ಕಾಣೆಯಾಗುತ್ತದೆ. ಹಾಗಾಗಿ ಮನೆಯಲ್ಲಿ ಉಂಡ ಧಾನ್ಯಕ್ಕೂ ಬೆಲೆ ಕಟ್ಟಲೇಬೇಕಿತ್ತು. ಇದೇ ವಿ.ಕೆ.ಆರ್.ವಿ. ರಾವ್ ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದರು. ನಿಮ್ಮಲ್ಲಿ ಯಾರಾದರೂ ಅರ್ಥಶಾಸ್ತ್ರದಲ್ಲೇ ಮುಂದುವರಿದರೆ ಆ ಕಡೆ ಒಮ್ಮೆ ಹೋಗಿ ಬನ್ನಿ.

ಅಕ್ಕಿ ಆಯಿತು, ಸೌದೆ ಆಯಿತು, ಮಾಂಸ ಎಣ್ಣೆ ಅಂಗಡಿಯ ಲೆಕ್ಕದಲ್ಲಿ ಬಂತು. ಉಳಿದದ್ದು ಆಂಟಿಯ ಕೈಕೆಲಸ. ಅತಿಥಿಗಳು ಕೊಟ್ಟ ಹಣದಿಂದ ಅವರಿಗಾಗಿ ಬಳಸಿದ ಅಕ್ಕಿ, ಸೌದೆ, ಮಾಂಸ, ಎಣ್ಣೆಯ ಬೆಲೆ ಕಳೆದರೆ ಉಳಿಯುವುದು ಹೋಮ್‌ಸ್ಟೇಯ ಮೌಲ್ಯವರ್ಧನೆ. ಅದರಲ್ಲಿ ಆಂಟಿಯ ಅಡುಗೆಯೂ ಇದೆ. ಅದೇ ಪಾತ್ರೆಯಿಂದ ಮನೆಯವರಿಗೆ ಬಡಿಸಿದ ಅರ್ಧದಲ್ಲಿ ಅಕ್ಕಿ ಸೇರಿತು, ಮಾಂಸ ಸೇರಿತು, ಬೇಯಿಸಿದ ಕೈ ಸೇರಲಿಲ್ಲ. ಉಪ್ಪು ಖಾರದಲ್ಲಿ ಏನೂ ವ್ಯತ್ಯಾಸ ಇಲ್ಲ.

ಬಹುತೇಕ ಎಲ್ಲ ದೇಶಗಳೂ ಪಾಲಿಸುವ ಲೆಕ್ಕದ ನಿಯಮವನ್ನು ಸರಳವಾಗಿ ಹೇಳಿದರೆ ಹೀಗೆ. ಮನೆಯವರು ತಮಗಾಗಿ ವಸ್ತು ಬೆಳೆದರೆ, ಮಾಡಿದರೆ, ಅದು ಜಿಡಿಪಿಯ ಗೆರೆಯ ಒಳಗೆ. ತಮಗಾಗಿ ಸೇವೆ ಮಾಡಿಕೊಂಡರೆ, ಅಂದರೆ ಅಡುಗೆ, ಬಟ್ಟೆ ಒಗೆಯುವುದು, ಮಗು ನೋಡುವುದು, ಅಜ್ಜಿಗೆ ಔಷಧಿ ಕೊಡುವುದು, ಗೆರೆಯ ಹೊರಗೆ. ಸಂಬಳ ಕೊಟ್ಟು ಕೆಲಸದವರನ್ನು ಇಟ್ಟುಕೊಂಡರೆ ಆ ಸಂಬಳ ಒಳಗೆ. ಇಲ್ಲೊಂದು ತಮಾಷೆಯ ಅಪವಾದ ಇದೆ. ನೀವು ಇರುವ ಸ್ವಂತ ಮನೆ. ಅದಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ. ಆದರೂ ನಿಮಗೆ ನೀವೇ ಬಾಡಿಗೆ ಕೊಟ್ಟುಕೊಂಡಂತೆ ಒಂದು ಮೊತ್ತ ಅಂದಾಜು ಮಾಡಿ ಜಿಡಿಪಿಗೆ ಸೇರಿಸುತ್ತಾರೆ. ಇಲ್ಲದಿದ್ದರೆ ಬಾಡಿಗೆ ಮನೆ ಜಾಸ್ತಿ ಇರುವ ದೇಶ ಸುಮ್ನೆ ಶ್ರೀಮಂತವಾಗಿ ಕಾಣುತ್ತದೆ.

ಹಾಗಾದರೆ ಅಡುಗೆಗೆ ಯಾಕೆ ಅಂದಾಜು ಮಾಡಬಾರದು? ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವ ಕಾರಣ ‘ಅದಕ್ಕೆ ಮಾರುಕಟ್ಟೆ ಬೆಲೆ ಇಲ್ಲ’ ಎಂಬುದು. ನನಗೆ ಇದು ಒಪ್ಪಿಗೆ ಇಲ್ಲ. ಸ್ವಂತ ಮನೆಗೂ ಬೆಲೆ ಇರಲಿಲ್ಲ, ಕಟ್ಟಿದರಲ್ಲ. ಗಟ್ಟಿ ಕಾರಣಗಳು ಬೇರೆ ಎರಡು ಇವೆ. ಒಂದು, ಆ ಮೊತ್ತ ಬಹಳ ದೊಡ್ಡದು, ಅದರ ಬೆಲೆ ಪೂರ್ತಿ ನಮ್ಮ ಊಹೆಯ ಮೇಲೆ ನಿಲ್ಲುತ್ತದೆ. ಗಂಟೆಗೆ ಅಡುಗೆಯವರ ಕೂಲಿ ಹಾಕಬೇಕಾ? ಅದೇ ಹೊತ್ತಿನಲ್ಲಿ ಅಮ್ಮ ಆಫೀಸಿಗೆ ಹೋಗಿದ್ದರೆ ಬರುತ್ತಿದ್ದ ಸಂಬಳ ಹಾಕಬೇಕಾ? ಎರಡು ದಾರಿಗೂ ಎರಡು ಉತ್ತರ ಬರುತ್ತವೆ, ನಡುವಿನ ಅಂತರ ಸಣ್ಣದಲ್ಲ. ಇಂಥ ಊಹೆಯನ್ನು ನಿಜವಾದ ಸಂಬಳ ಮತ್ತು ಮಾರಾಟದ ಜೊತೆ ಕಲಸಿದರೆ, ಈ ವರ್ಷ ಕೆಲಸ ಕಡಿಮೆಯಾಯಿತಾ, ವ್ಯಾಪಾರ ಇಳಿಯಿತಾ ಎಂದು ನೋಡಲು ಬೇಕಾದ ಏರಿಳಿತ ಕಾಣದೇ ಹೋಗುತ್ತದೆ. ಎರಡು, ಮನೆಗೆಲಸವೂ ಉತ್ಪಾದನೆ ಎಂದರೆ ಹೆಚ್ಚುಕಡಿಮೆ ಎಲ್ಲರೂ ಉದ್ಯೋಗಿಗಳೇ. ಆಗ ನಿರುದ್ಯೋಗ ಎಂಬ ಅಂಕಿಗೆ ಅರ್ಥವೇ ಇರುವುದಿಲ್ಲ.

ಹಾಗೆಂದು ಅಮ್ಮನ ಕೆಲಸವನ್ನು ಯಾರೂ ಅಳೆದಿಲ್ಲ ಅಂದುಕೊಳ್ಳಬೇಡಿ. ಅದನ್ನು ರೂಪಾಯಿಯಲ್ಲಿ ಅಳೆಯದೆ ನಿಮಿಷದಲ್ಲಿ ಅಳೆಯುತ್ತಾರೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು ಎಂದು ಬಂತು. ಸುಮಾರು ಐದು ಗಂಟೆ. ಅದೇ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಇದು ಮನೆಗೆಲಸ ಮಾಡುತ್ತೇನೆ ಎಂದ ಗಂಡಸರ ಸರಾಸರಿ ಮಾತ್ರ, ಎಲ್ಲ ಗಂಡಸರದ್ದಲ್ಲ. ಈ ವ್ಯತ್ಯಾಸ ಬಿಟ್ಟು ಬರೆಯುವವರು ಬಹಳ ಜನ.

ಈ ಗೆರೆಯಿಂದ ಒಂದು ಎಡವಟ್ಟೂ ಆಗುತ್ತದೆ. ಒಂದು ಊರಿನಲ್ಲಿ ಹತ್ತು ಮನೆಯವರು ಹೋಮ್‌ಸ್ಟೇ ತೆರೆದರು, ಹಳೆ ಅಡುಗೆಮನೆಗಳೇ ಈಗ ಅತಿಥಿಗಳಿಗೂ ಬೇಯಿಸುತ್ತಿವೆ. ಇದು ನಿಜವಾದ ಹೆಚ್ಚಳ, ಹೆಚ್ಚು ಊಟ ತಯಾರಾಗಿದೆ. ಆದರೆ ಇನ್ನೊಂದು ಊರಿನಲ್ಲಿ ಹತ್ತು ಅಮ್ಮಂದಿರು ಕೆಲಸಕ್ಕೆ ಹೋಗತೊಡಗಿ, ಮಕ್ಕಳನ್ನು ನೋಡಿಕೊಳ್ಳಲು ಹತ್ತು ಜನ ಆಯಾಗಳನ್ನು ಇಟ್ಟರು ಎಂದುಕೊಳ್ಳಿ. ಜಿಡಿಪಿಗೆ ಅಮ್ಮಂದಿರ ಸಂಬಳ ಸೇರಿತು, ಆಯಾಗಳ ಸಂಬಳವೂ ಸೇರಿತು. ಮಗು ನೋಡುವ ಕೆಲಸ ಮೊದಲೂ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಅದು ಗೆರೆ ದಾಟಿತು ಅಷ್ಟೇ. ಒಂದು ದೇಶದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋಗತೊಡಗಿದ ದಶಕದ ಬೆಳವಣಿಗೆ ಅಂಕಿ ನೋಡುವಾಗ ಈ ಪಾಲು ಎಷ್ಟಿರಬಹುದು ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಲೆಕ್ಕಕ್ಕೆ ಸೇರಬೇಕು ಎನ್ನುವುದು ಬೇರೆ, ಸಿಕ್ಕಿತು ಎನ್ನುವುದು ಬೇರೆ. ಆಂಟಿಯ ಮನೆಗೆ ಯಾರೂ ಪ್ರತಿ ವರ್ಷ ಬಂದು ಪಂದಿ ಕರಿಯ ಖರ್ಚು ಕೇಳುವುದಿಲ್ಲ. ದೊಡ್ಡ ಕಂಪನಿಗಳು ಬ್ಯಾಲೆನ್ಸ್ ಶೀಟ್ ಕೊಡುತ್ತವೆ. ಇಂಥ ಸಣ್ಣ ಕಸುಬುಗಳ ಲೆಕ್ಕವನ್ನು ಸ್ಯಾಂಪಲ್ ಸಮೀಕ್ಷೆಯಿಂದ ಅಂದಾಜು ಮಾಡುತ್ತಾರೆ. ಕೆಲವು ಘಟಕಗಳನ್ನು ಆರಿಸಿ, ಒಬ್ಬ ಕೆಲಸಗಾರನಿಗೆ ಮೌಲ್ಯವರ್ಧನೆ ಎಷ್ಟು ಎಂದು ತೆಗೆದು, ಒಟ್ಟು ಕೆಲಸಗಾರರಿಗೆ ಹಿಗ್ಗಿಸುತ್ತಾರೆ. ಅದಕ್ಕೇ ಜಿಡಿಪಿ ಅಂಕಿ ಒಂದು ಸಲ ಬಂದು ಮುಗಿಯುವುದಿಲ್ಲ. ಮೊದಲು ಮುಂಗಡ ಅಂದಾಜು ಬರುತ್ತದೆ, ಆಮೇಲೆ ಹೆಚ್ಚು ಮಾಹಿತಿ ಬಂದ ಹಾಗೆ ಪರಿಷ್ಕರಣೆ ಆಗುತ್ತದೆ. ಪೇಪರಿನಲ್ಲಿ ‘ಜಿಡಿಪಿ ಪರಿಷ್ಕರಣೆ’ ಎಂದು ಓದಿದಾಗ ಯಾರೋ ಮೋಸ ಮಾಡಿದರು ಎಂದೇ ಓದಬೇಕಾಗಿಲ್ಲ.

ಕೊನೆಗೆ ಗುಡ್ಡ. ಆಗಸ್ಟ್ 2018ರ ಮಳೆಯನ್ನು ನಿಮಗೆ ನೆನಪಿಸಬೇಕಾಗಿಲ್ಲ. ನೆಂಟರ ತೋಟವನ್ನು ಜಿಡಿಪಿಯಲ್ಲಿ ಕಳೆದಿಲ್ಲ. ಕಳೆಯುವ ಜಾಗವೇ ಅಲ್ಲಿಲ್ಲ.

ಕಾರಣ ಕಾಮರ್ಸ್‌ನವರಿಗೆ ಬೇಗ ಹೊಳೆಯಬೇಕು. ಜಿಡಿಪಿ ಲಾಭ ನಷ್ಟದ ಪಟ್ಟಿಯ ಹಾಗೆ, ಒಂದು ವರ್ಷದೊಳಗೆ ತಯಾರಾದದ್ದರ ಲೆಕ್ಕ. ತೋಟ, ಮನೆ, ರಸ್ತೆ ಆಸ್ತಿ. ಆಸ್ತಿ ಇರುವುದು ಬ್ಯಾಲೆನ್ಸ್ ಶೀಟ್‌ನಲ್ಲಿ. ಮೂವತ್ತು ವರ್ಷದ ಕಾಫಿ ಗಿಡ, ಅದರ ಮೇಲಿನ ಮೆಣಸಿನ ಬಳ್ಳಿ, ನೆರಳಿನ ಮರ, ಇವೆಲ್ಲ ಹೊಳೆಗೆ ಹೋದಾಗ ಬಡತನ ಬಂದದ್ದು ಆಸ್ತಿಯಲ್ಲಿ. ಜಿಡಿಪಿಯಲ್ಲಿ ಕಾಣುವುದು ಆ ವರ್ಷ ಮತ್ತು ಮುಂದಿನ ವರ್ಷಗಳಲ್ಲಿ ಅಲ್ಲಿಂದ ಬಾರದೇ ಹೋದ ಮೂಟೆಗಳ ಕೊರತೆ ಮಾತ್ರ.

ನಿಮ್ಮ ಪುಸ್ತಕದಲ್ಲಿ ಎನ್‌ಡಿಪಿ, ಅಂದರೆ ನಿವ್ವಳ ದೇಶೀಯ ಉತ್ಪನ್ನ ಎಂದು ಇನ್ನೊಂದು ಅಳತೆ ಇದೆ. ಜಿಡಿಪಿಯಿಂದ ಸವಕಳಿ ಕಳೆದರೆ ಬರುವುದು. ಅದರಲ್ಲಾದರೂ ಬಂದಿರಬೇಕು ಎಂದು ನಾನೂ ಓದುವ ದಿನಗಳಲ್ಲಿ ನಂಬಿದ್ದೆ. ಬರುವುದಿಲ್ಲ. ಸವಕಳಿ ಎಂದರೆ ಬಳಸಿ ಬಳಸಿ ಆಗುವ ಸಾಮಾನ್ಯ ಸವೆತ. ಪಲ್ಪರ್ ಯಂತ್ರ ವರ್ಷ ವರ್ಷ ಹಳೆಯದಾಗುವುದು ಅದರಲ್ಲಿ ಬರುತ್ತದೆ. ಪ್ರಕೃತಿ ವಿಕೋಪದಲ್ಲಿ ಒಮ್ಮೆಗೇ ಹೋದ ಆಸ್ತಿಯನ್ನು ಆಸ್ತಿಗಳಲ್ಲಿ ಆದ ಬೇರೆ ಬದಲಾವಣೆ ಎಂಬ ಪ್ರತ್ಯೇಕ ಖಾತೆಗೆ ಹಾಕಬೇಕು ಎನ್ನುತ್ತದೆ ನಿಯಮ. ಆ ಖಾತೆ ಟಿವಿ ಸುದ್ದಿಯಲ್ಲಿ ಬರುವುದಿಲ್ಲ.

ಇನ್ನು ಕುಸಿದ ಮೇಲೆ ನಡೆದದ್ದು. ಮಣ್ಣು ತೆಗೆಯಲು ಬಂದ ಜೆಸಿಬಿಯ ಬಾಡಿಗೆ, ರಸ್ತೆಗೆ ಕಟ್ಟಿದ ತಡೆಗೋಡೆ, ಮನೆ ಕಳೆದುಕೊಂಡವರಿಗೆ ಕಟ್ಟಿದ ಹೊಸ ಮನೆಗಳು, ಎಲ್ಲವೂ ಆಯಾ ವರ್ಷದ ಜಿಡಿಪಿಗೆ ಸೇರಿದವು. ಸೇರಬೇಕಾದದ್ದೇ, ಅದರಲ್ಲಿ ತಪ್ಪಿಲ್ಲ. ಜನ ದುಡಿದಿದ್ದಾರೆ, ಮನೆ ಎದ್ದಿದೆ. ಸರ್ಕಾರ ಕೈಗೆ ಕೊಟ್ಟ ಪರಿಹಾರದ ಹಣ ಮಾತ್ರ ಸೇರುವುದಿಲ್ಲ, ಅದು ಅಜ್ಜನ ಪಿಂಚಣಿಯ ಹಾಗೆ ಬರೀ ವರ್ಗಾವಣೆ. ತೊಂದರೆ ಎಲ್ಲಿ ಎಂದರೆ, ಕಟ್ಟಿದ್ದು ಒಂದು ಬದಿಯಲ್ಲಿ ಕಾಣುತ್ತದೆ, ಕಳೆದುಕೊಂಡದ್ದು ಅದೇ ಹಾಳೆಯಲ್ಲಿ ಇಲ್ಲ. ಹಾಗಾಗಿ ಇಂಥ ವರ್ಷದ ಅಂಕಿಯನ್ನು ನೋಡುವಾಗ ಕೃಷಿ ಮತ್ತು ಕಟ್ಟಡ ನಿರ್ಮಾಣದ ಸಾಲುಗಳನ್ನು ಬೇರೆ ಬೇರೆ ಮಾಡಿ ಓದಿ. ಮೊದಲನೆಯದು ಇಳಿದು ಎರಡನೆಯದು ಏರಿದ್ದರೆ ಏನಾಗಿದೆ ಎಂದು ಗೊತ್ತಾಗುತ್ತದೆ. ಕರ್ನಾಟಕದ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಜಿಲ್ಲಾವಾರು ಅಂಕಿಗಳನ್ನೂ ಕೊಡುತ್ತದೆ. ಕೊಡಗಿನ ಸಾಲು ಹುಡುಕಿ ನೋಡಿ.

ನಿಮ್ಮ ನೆಂಟರು ಆ ಜಾಗದಲ್ಲಿ ಮತ್ತೆ ಗಿಡ ನೆಟ್ಟಿದ್ದರೆ, ನೆಟ್ಟ ಖರ್ಚು ಬಂಡವಾಳ ಹೂಡಿಕೆಯಾಗಿ ಆಗಲೇ ಲೆಕ್ಕಕ್ಕೆ ಬಂದಿದೆ. ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಅವರ ಮನೆ ನಡೆದದ್ದು ಹೇಗೆ ಎಂದು ಮುಂದಿನ ಸಲ ಹೋದಾಗ ಕೇಳಿ, ಬರೆದು ಕಳಿಸಿ. ಪ್ರಕಟಿಸುತ್ತೇವೆ.